ಸ್ಲೈಡ್ ತಿರುಗಿಸಲು ವೈಫೈ ಯಾಕೆ?

ಫೋನನ್ನೇ ಲ್ಯಾಪ್‌ಟಾಪಿನ ಮೌಸ್ ಅಥವಾ ಸ್ಲೈಡ್ ಕ್ಲಿಕ್ಕರ್ ಮಾಡಿಕೊಳ್ಳುವ ಆ್ಯಪ್‌ಗಳಲ್ಲಿ ಹೆಚ್ಚಿನವು ವೈಫೈ ನಂಬಿಕೊಂಡಿವೆ. ಮನೆಯಲ್ಲಿ ಚೆನ್ನಾಗಿಯೇ ನಡೆಯುತ್ತವೆ. ಕೈಕೊಡುವುದು ಕಾಲೇಜಿನ ಸಭಾಂಗಣದಲ್ಲಿ. ಅಂಥ ಕಡೆ ಒಂದೇ ವೈಫೈನಲ್ಲಿರುವ ಸಾಧನಗಳು ಪರಸ್ಪರ ಮಾತಾಡದಂತೆ ರೂಟರ್‌ನಲ್ಲೇ ತಡೆ ಹಾಕಿರುವುದುಂಟು. ಎರಡರಲ್ಲೂ ಇಂಟರ್ನೆಟ್ ಬರುತ್ತಿದ್ದು, ಆ್ಯಪ್‌ಗೆ ಮಾತ್ರ ಲ್ಯಾಪ್‌ಟಾಪ್ ಸಿಗದಿದ್ದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಫೋನಿನ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪ್ ಜೋಡಿಸಿದರೆ ಆ ತಡೆ ತಪ್ಪುತ್ತದೆ, ನಿಜ. ಆದರೆ ವಿಂಡೋಸ್ ಆ ಹೊಸ ಜಾಲವನ್ನು ‘ಪಬ್ಲಿಕ್’ ಎಂದು ಪರಿಗಣಿಸಿದರೆ ಫೈರ್‌ವಾಲ್ ಅಡ್ಡ ಬರಬಹುದು.

ಅದಕ್ಕೇ ಪರರ ಸಭಾಂಗಣಕ್ಕೆ ಬ್ಲೂಟೂತ್ ದಾರಿಯೇ ಲೇಸು. ಆಂಡ್ರಾಯ್ಡ್ 9ರಿಂದೀಚೆಗೆ ಆ್ಯಪ್ ಒಂದು ಫೋನನ್ನು ಬ್ಲೂಟೂತ್ ಕೀಬೋರ್ಡ್ ಎಂದೇ ತೋರಿಸಬಲ್ಲದು. ಲ್ಯಾಪ್‌ಟಾಪಿಗೆ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಮುಂದಿನ ಸ್ಲೈಡ್ ಎಂದರೆ ಅದರ ಪಾಲಿಗೆ ಬರೀ ಬಲಬಾಣದ ಕೀಲಿ. ಜೋಡಿಸಿದ ಮೇಲೆ ನೋಟ್‌ಪ್ಯಾಡ್‌ನಲ್ಲಿ ಒಂದು ಸಾಲು ಬರೆದು, ಕರ್ಸರನ್ನು ಸಾಲಿನ ಮೊದಲಿಗೆ ತಂದು ಬಾಣ ಒತ್ತಿ, ಕರ್ಸರ್ ಸರಿದರೆ ಸ್ಲೈಡೂ ಸರಿಯುತ್ತದೆ. ಕೆಲವು ಫೋನ್ ಕಂಪನಿಗಳು ಈ ಸೌಲಭ್ಯ ಮುಚ್ಚಿಟ್ಟಿರುತ್ತವೆ, ಹಾಗಾಗಿ ಪರೀಕ್ಷೆ ಮನೆಯಲ್ಲೇ ಆಗಲಿ. ‘ಕ್ಲಿಕ್ಕರನ್ನೇ ಕೊಳ್ಳಬಾರದೇ?’ ಎನ್ನುವವರ ಮಾತಿನಲ್ಲೂ ಹುರುಳಿದೆ: ಅದರ ಗುಂಡಿ ಬೆರಳಿಗೆ ತಿಳಿಯುತ್ತದೆ, ಗಾಜಿನ ಪರದೆಯನ್ನು ಬಗ್ಗಿ ನೋಡಬೇಕು. ದಿನಾ ಪಾಠ ಮಾಡುವವರು ಕೊಳ್ಳಲಿ. ಅಪರೂಪಕ್ಕೆ ಮಾತಾಡುವವರಿಗೆ ಫೋನ್ ಸಾಕು, ಕರೆಗಳು ನಡುವೆ ನುಗ್ಗದಂತೆ ‘ಡು ನಾಟ್ ಡಿಸ್ಟರ್ಬ್’ ಹಾಕಿಟ್ಟುಕೊಂಡರೆ.