ಲೆಕ್ಕ ಸರಿಯಿದ್ದ ಸಾಲಿನಲ್ಲೇ ತಪ್ಪು

ನಮ್ಮ ಕೈಗೆ ಟ್ಯಾಂಕರ್ ನೀರಿನ ಬಿಲ್ಲಿನ ಒಂದು ಹಾಳೆ ಸಿಕ್ಕಿತ್ತು. ಒಂದು ತಿಂಗಳಿಗೆ 31 ಸಾಲು; ಸಾಲಿಗೊಂದು ತಾರೀಖು, ಗಾಡಿ ನಂಬರ್, ಟ್ರಿಪ್, ದರ, ಮೊತ್ತ. ಟೈಪ್ ಮಾಡಲು ಬೇಸರವಾಗಿ, ಫೋಟೊ ತೆಗೆದು ಚಿತ್ರ ಓದುವ ಎಐಗೆ ಕೊಟ್ಟೆವು. ಬಂದ ಪಟ್ಟಿಯಲ್ಲಿ ಟ್ರಿಪ್ಪನ್ನು ದರದಿಂದ ಗುಣಿಸಿ ನೋಡಿದರೆ ಪ್ರತಿ ಸಾಲೂ ಸರಿ. ಆದರೆ ಸಾಲುಗಳನ್ನು ಕೂಡಿದರೆ 1,04,000. ಹಾಳೆಯ ಕೊನೆಯಲ್ಲಿದ್ದ ಮೊತ್ತ 1,05,000.

ಮೂಲ ಹಾಳೆಯ ಮೇಲೆ ಬೆರಳಿಟ್ಟು ಓದಿದೆವು. 14ನೇ ತಾರೀಖು 6 ಟ್ರಿಪ್, ದರ 650, ಮೊತ್ತ 4,900 ಎಂದಿತ್ತು. ಎಐ ಅದನ್ನು ಸದ್ದಿಲ್ಲದೆ 3,900 ಎಂದು ತಿದ್ದಿತ್ತು. ನಾವು ಹುಡುಕುತ್ತಿದ್ದ ಸುದ್ದಿಯೇ ಆ ಸಾವಿರ ರೂಪಾಯಿ! ಕಂಡದ್ದರ ಜೊತೆಗೆ, ಅಲ್ಲಿ ಏನಿರಬೇಕಿತ್ತು ಎಂಬ ಊಹೆಯನ್ನೂ ಅದು ಬೆರೆಸುತ್ತದೆ.

22ನೇ ತಾರೀಖಿನ ಗಾಡಿ ನಂಬರ್ ಹಾಳೆಯ ಮಡಿಕೆಯಲ್ಲಿ ಅಳಿಸಿಹೋಗಿತ್ತು. ಎಐ ಅಲ್ಲಿ ಮೇಲಿನ ಸಾಲಿನ ನಂಬರನ್ನೇ ತುಂಬಿತ್ತು. ಇದನ್ನು ಯಾವ ಕೂಡುವ ಲೆಕ್ಕವೂ ಹಿಡಿಯುವುದಿಲ್ಲ.

ಈಗ ನಾವು ಮೊದಲು ಹಾಳೆಯಲ್ಲಿ ಖಾಲಿ ಇರುವ, ಅಳಿಸಿದ ಮನೆಗಳನ್ನು ಗುರುತು ಹಾಕಿಕೊಳ್ಳುತ್ತೇವೆ. ಪಟ್ಟಿಯಲ್ಲಿ ಅವು ತುಂಬಿ ಬಂದರೆ ಅದು ಕಟ್ಟಿದ ಅಂಕಿ. ಐದೈದು ಸಾಲಿನ ಫೋಟೊ ಕೊಟ್ಟು, ಕಾಣದಿದ್ದರೆ ಪ್ರಶ್ನಾರ್ಥಕ ಚಿಹ್ನೆ ಹಾಕಲು ಹೇಳುತ್ತೇವೆ. ಎರಡು ಸಲ ಬೇರೆ ಬೇರೆ ಅಂಕಿ ಬಂದರೆ ಅದು ಅನುಮಾನದ ಮನೆ. ಎರಡು ಸಲ ಒಂದೇ ಬಂದರೂ ಪುರಾವೆಯಲ್ಲ. ಕೊನೆಗೆ ಒಬ್ಬರು ಹಾಳೆ ಓದುತ್ತಾರೆ, ಇನ್ನೊಬ್ಬರು ಪಟ್ಟಿಗೆ ಟಿಕ್ ಹಾಕುತ್ತಾರೆ.