ಕೊನೆಯದಾಗಿ ಒಂದು ಮಾತು

ನಮ್ಮ ಸಭೆಗಳಲ್ಲಿ ಭಾಷಣಕಾರರು 'ಕೊನೆಯದಾಗಿ ಒಂದೇ ಒಂದು ಮಾತು ಹೇಳಿ ಮುಗಿಸುತ್ತೇನೆ' ಅಂದ ಕೂಡಲೇ ಪಳಗಿದ ಶ್ರೋತೃಗಳು ಚಪ್ಪಲಿ ಹುಡುಕುವುದಿಲ್ಲ. ಕುರ್ಚಿಯಲ್ಲಿ ಇನ್ನೊಂದು ಸಲ ಹದವಾಗಿ ಕೂತುಕೊಳ್ಳುತ್ತಾರೆ. ಆ ಮಾತಿನ ಬೆನ್ನಿಗೆ 'ಇನ್ನೊಂದು ವಿಷಯ ಮರೆತಿದ್ದೆ' ಬರುತ್ತದೆ, ಅದರ ಬೆನ್ನಿಗೆ ಮತ್ತೊಂದು 'ಕೊನೆಯದಾಗಿ'. ಪಾಪ, ಮಾತಿನದೇನೂ ತಪ್ಪಿಲ್ಲ. ಅದೊಂದು ಕೈಮರ, ದಾರಿ ಎತ್ತ ಹೋಗುತ್ತದೆ ಎಂದು ತೋರಿಸಬೇಕಾದದ್ದು. ನೆಟ್ಟವರೇ ಅದನ್ನು ಹೊತ್ತುಕೊಂಡು ತಿರುಗಿದರೆ ನಂಬುವವರು ಯಾರು?

ಈ ಕೈಮರಗಳ ಬಗ್ಗೆ ನಾನು ಯೋಚಿಸುವಂತಾದದ್ದು ನಮ್ಮ ಅಕ್ಕನ ಮಗಳಿಂದ. ಬಡಾವಣೆಯ ನಿವಾಸಿಗಳ ಸಂಘದವರು ಅವಳಿಗೆ ಮಳೆನೀರು ಕೊಯ್ಲಿನ ಬಗ್ಗೆ ಐದು ನಿಮಿಷ ಮಾತಾಡಲು ಹೇಳಿದ್ದರು. ಹುಡುಗಿ ಸಿವಿಲ್ ಓದಿದವಳು, ವಿಷಯ ಗೊತ್ತಿದೆ. ಗೊತ್ತಿಲ್ಲದ್ದು ನಿಂತು ಮಾತಾಡುವುದು. ಶಾಲೆಯ ಆಗಸ್ಟ್ ಹದಿನೈದರಂದೂ ಹಿಂದಿನ ಸಾಲಿನಲ್ಲಿ ನಿಂತವಳು. 'ಮಾವ, ಬರಕೊಂಡಿದೀನಿ, ಬಾಯಿಪಾಠ ಮಾಡ್ಕೊಂಡು ಒಪ್ಪಿಸಿಬಿಡ್ತೀನಿ' ಎಂದು ನಾಲ್ಕು ಹಾಳೆ ತಂದು ಮುಂದಿಟ್ಟಳು.

ಹಾಳೆಯ ಮೊದಲ ಸಾಲು 'ವೇದಿಕೆಯ ಮೇಲೆ ಆಸೀನರಾಗಿರುವ' ಎಂದು ಶುರುವಾಗಿ, ಅಧ್ಯಕ್ಷರು, ಕಾರ್ಯದರ್ಶಿಗಳು, ಖಜಾಂಚಿಗಳನ್ನೆಲ್ಲ ದಾಟಿ ಬರುವಷ್ಟರಲ್ಲಿ ಮುಕ್ಕಾಲು ನಿಮಿಷ ಹೋಗಿತ್ತು. ಆಮೇಲೆ 'ಪ್ರಪ್ರಥಮವಾಗಿ', 'ತದನಂತರ', 'ಉಪಸಂಹಾರವಾಗಿ ಹೇಳುವುದಾದರೆ'. ಹುಟ್ಟಿದಾಗಿನಿಂದ ಒಮ್ಮೆಯೂ ಬಾಯಲ್ಲಿ ಆಡದ ಪದಗಳು, ಕೈ ನಡುಗುವ ಹೊತ್ತಿನಲ್ಲಿ ನಾಲಗೆಗೆ ಹೇಗೆ ಒಗ್ಗಬೇಕು? ಗಡಿಯಾರ ಹಿಡಿದು ಓದಿಸಿದೆ. ಒಂಬತ್ತು ನಿಮಿಷವಾಯಿತು, ಅದೂ ಉಸಿರು ಬಿಡದೆ.

ಬಾಯಿಪಾಠದ ಕಷ್ಟ ಬೇರೆಯೇ. ಅದರಲ್ಲಿ ಒಂದು ವಾಕ್ಯ ಮುಂದಿನದನ್ನು ಎಳೆದು ತರುತ್ತದೆ. ನಡುವೆ ಒಂದು ತುಂಡಾದರೆ ಮುಂದಿನದು ಗೊತ್ತಿದ್ದರೂ ಸಿಕ್ಕುವುದಿಲ್ಲ, ಮತ್ತೆ ಮೊದಲಿನಿಂದ ಶುರುಮಾಡಬೇಕು. ಮಗ್ಗಿ ಒಪ್ಪಿಸುವ ಮಗುವನ್ನು ನಡುವೆ ತಡೆದು ನೋಡಿದವರಿಗೆ ಇದು ಗೊತ್ತು. ಐವತ್ತು ಜನರೆದುರು 'ಎಲ್ಲರಿಗೂ ನಮಸ್ಕಾರ'ದಿಂದ ಇನ್ನೊಮ್ಮೆ ಹೊರಡಲಾದೀತೇ? ಹಾಗೆಂದು ಏನನ್ನೂ ಬಾಯಿಪಾಠ ಮಾಡದೆ ಹೋದರೆ, ನಿಂತ ಕೂಡಲೇ ತಲೆ ಖಾಲಿ. ನಾನು ಹೇಳಿದ್ದು ಇಷ್ಟೇ: ವಿಷಯವನ್ನು ಬಾಯಿಪಾಠ ಮಾಡಬೇಡ, ಒಂದು ವಿಷಯದಿಂದ ಇನ್ನೊಂದಕ್ಕೆ ದಾಟುವ ವಾಕ್ಯಗಳನ್ನು ಮಾತ್ರ ಮಾಡು. ಮೊದಲ ಮಾತು, ನಡುವೆ ಎರಡು ದಾಟು, ಕೊನೆಯ ಮಾತು. ನಾಲ್ಕೇ. ಮಿಕ್ಕಿದ್ದನ್ನು ಪಕ್ಕದ ಮನೆಯವರಿಗೆ ವಿವರಿಸುವ ಹಾಗೆ ಹೇಳು.

ಇದೇನೂ ನನ್ನ ಹೊಸ ಶೋಧವಲ್ಲ. ಗದುಗಿನ ಭಾರತವನ್ನು ತೆರೆದು ನೋಡಿ, ಕುಮಾರವ್ಯಾಸ ಪ್ರತಿ ಸಂಧಿಯ ನೆತ್ತಿಯಲ್ಲೂ ಒಂದು ಪುಟ್ಟ ಸೂಚನಾಪದ್ಯ ಇಟ್ಟಿದ್ದಾನೆ. ಈ ಸಂಧಿಯಲ್ಲಿ ಯಾರು ಯಾರನ್ನು ಏನು ಮಾಡುತ್ತಾರೆ ಎನ್ನುವುದು ಅಲ್ಲೇ ಬಯಲು. ಕಥೆಯ ಗುಟ್ಟು ರಟ್ಟಾಯಿತಲ್ಲ ಎಂದು ಯಾರೂ ಗೊಣಗಿಲ್ಲ. ಗಮಕಿ ಹಾಡುವಾಗ ಕೇಳುಗನ ಕೈಯಲ್ಲಿ ಪುಸ್ತಕವಿರುವುದಿಲ್ಲ, ಹಾಳೆ ಹಿಂದಕ್ಕೆ ತಿರುಗಿಸಿ ನೋಡುವಂತಿಲ್ಲ, ಅದಕ್ಕೇ ಈ ಏರ್ಪಾಡು. ನಡುನಡುವೆ ಕೇಳುತ್ತಿರುವ ಜನಮೇಜಯನನ್ನು ಹೆಸರು ಹಿಡಿದು ಕರೆಯುವುದೂ ಅದಕ್ಕೇ ಇರಬೇಕು. ರಾಜನ ನೆಪದಲ್ಲಿ ತೂಕಡಿಸುವ ನಮ್ಮನ್ನೂ ಎಬ್ಬಿಸಿದ ಹಾಗಾಯಿತು. ಅಜ್ಜಿ ಕಥೆಯಲ್ಲಿ 'ಅದು ಹಾಗಿರಲಿ, ಇತ್ತ ರಾಜಕುಮಾರ ಏನು ಮಾಡ್ದ ಗೊತ್ತಾ' ಎನ್ನುವುದೂ ಇದೇ ಕೆಲಸ. ಕಿವಿಯಲ್ಲಿ ಕೇಳುವವನಿಗೆ ಪ್ಯಾರಾ ಕಾಣುವುದಿಲ್ಲ, ಮಾತಿನಲ್ಲೇ ಪ್ಯಾರಾ ಬಿಡಬೇಕು.

ಅದಿರಲಿ. (ಹರಟೆ ಬರೆಯುವವನಿಗೆ ಈ 'ಅದಿರಲಿ' ಇಲ್ಲದಿದ್ದರೆ ಬದುಕೇ ಇಲ್ಲ.) ನಾಲ್ಕು ಹಾಳೆ ಮಡಿಸಿಟ್ಟು ಇಬ್ಬರೂ ಕೂತೆವು. ಐದು ನಿಮಿಷ ಅಂದರೆ ಮುನ್ನೂರು ಸೆಕೆಂಡು. ಶುರುವಿಗೆ ಅರ್ಧ ನಿಮಿಷ, ಮುಕ್ತಾಯಕ್ಕೆ ಮುಕ್ಕಾಲು ನಿಮಿಷ ತೆಗೆದಿಟ್ಟರೆ ಮೂರು ಭಾಗಗಳಿಗೆ ತಲಾ ಒಂದೂಕಾಲು ನಿಮಿಷ ಸಿಗುತ್ತದೆ. ಅವಳ ಪಟ್ಟಿಯಲ್ಲಿ ಏಳು ವಿಷಯಗಳಿದ್ದವು. ಮೂರು ಉಳಿದವು: ಮಾಳಿಗೆಯ ಮೇಲೆ ನೀರೆಷ್ಟು ಬೀಳುತ್ತದೆ, ಹಿಡಿಯುವುದು ಹೇಗೆ, ಖರ್ಚೇನು. ಜಲಮಂಡಲಿಯ ಕಾಯ್ದೆಗೆ 2009ರಲ್ಲಿ ಆದ ತಿದ್ದುಪಡಿಯನ್ನು ಕೈಬಿಡಲು ಅವಳಿಗೆ ಮನಸ್ಸಿರಲಿಲ್ಲ. ಯಾರಾದರೂ ಕೇಳಿದರೆ ಹೇಳು, ಕೇಳದಿದ್ದರೆ ಕಾಯ್ದೆಗೇನೂ ನಷ್ಟವಿಲ್ಲ ಎಂದೆ.

ಮೊದಲ ಮಾತು ಹೀಗೆ ನಿಂತಿತು: 'ಎಲ್ಲರಿಗೂ ನಮಸ್ಕಾರ. ಐದು ನಿಮಿಷದಲ್ಲಿ ಮೂರು ವಿಷಯ ಹೇಳ್ತೀನಿ. ಒಂದು, ನಮ್ಮ ಮಾಳಿಗೆ ಮೇಲೆ ಎಷ್ಟು ನೀರು ಬೀಳತ್ತೆ. ಎರಡು, ಅದನ್ನ ಹಿಡಿಯೋದು ಹೇಗೆ. ಮೂರು, ಅದಕ್ಕೆ ಖರ್ಚೇನು.' ಸಂಖ್ಯೆ ಹೇಳಿದ ಮೇಲೆ ಅದು ಸಾಲದ ಹಾಗೆ, ತೀರಿಸಲೇಬೇಕು. 'ಎರಡನೆಯದಾಗಿ' ಎಂದವರು ಮೂರನೆಯದನ್ನು ಹೇಳದೇ ಕೂತರೆ ಸಭೆಯ ಅರ್ಧ ಜನ ಮಿಕ್ಕ ಹೊತ್ತೆಲ್ಲ ಆ ಮೂರನೆಯದನ್ನೇ ಹುಡುಕುತ್ತಿರುತ್ತಾರೆ.

ಮೊದಲ ಭಾಗದಲ್ಲಿ ಒಂದೇ ಲೆಕ್ಕ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 30x40 ನಿವೇಶನದ ಮನೆಯಲ್ಲಿ ಮಾಳಿಗೆ ಸಾವಿರ ಚದರ ಅಡಿ ಎಂದಿಟ್ಟುಕೊಂಡರೆ ಸುಮಾರು 93 ಚದರ ಮೀಟರ್. ಇಪ್ಪತ್ತು ಮಿಲಿಮೀಟರಿನ ಒಂದು ಒಳ್ಳೆಯ ಮಳೆಗೆ 1,860 ಲೀಟರ್. ಮೊದಲು ಬರುವ ಕೊಳೆನೀರು, ಅಲ್ಲಿ ಇಲ್ಲಿ ಸೋರಿದ್ದು ಎಂದು ಐದರಲ್ಲೊಂದು ಪಾಲು ಕಳೆದರೂ ಹತ್ತಿರ ಹತ್ತಿರ 1,500 ಲೀಟರ್ ಸಂಪಿಗೆ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದರೆ ಯಾವುದೂ ನಿಲ್ಲುವುದಿಲ್ಲ. ಲೆಕ್ಕ ಹೇಳಿ, ಆಮೇಲೆ 'ಒಂದೇ ಅಂಕಿ ನೆನಪಿಟ್ಕೊಳ್ಳಿ, ಒಂದು ಒಳ್ಳೆ ಮಳೆಗೆ ಸಾವಿರದ ಐನೂರು ಲೀಟರ್' ಅಂದರೆ ಜನ ಉಳಿದದ್ದನ್ನು ನಿಶ್ಚಿಂತೆಯಾಗಿ ಮರೆತು ಇದೊಂದನ್ನು ಮನೆಗೆ ಒಯ್ಯುತ್ತಾರೆ. ಇದೂ ಒಂದು ಕೈಮರವೇ, ಆದರೆ ಒಂದು ಭಾಷಣಕ್ಕೆ ಒಂದೇ ಸಲ. ನಾಲ್ಕು ಕಡೆ 'ಇದು ಬಹಳ ಮುಖ್ಯ' ಎಂದರೆ ಯಾವುದೂ ಮುಖ್ಯವಲ್ಲ.

ಹೊಸಬರು ಎಡವುವುದು ಒಂದು ಭಾಗದಿಂದ ಇನ್ನೊಂದಕ್ಕೆ ಹೋಗುವಲ್ಲಿ. ಅಲ್ಲಿ ಅವರಿಗೆ ಸಿಗುವುದು 'ಮತ್ತೆ', 'ಆಮೇಲೆ', 'ಸೋ'. ಇವುಗಳಿಂದ ಮಾತು ಮುಂದುವರಿಯಿತೆಂದು ತಿಳಿಯುತ್ತದೆಯೇ ಹೊರತು ಎತ್ತ ಎಂದು ತಿಳಿಯುವುದಿಲ್ಲ. ದಾಟು ವಾಕ್ಯಕ್ಕೆ ಎರಡು ಕಾಲು ಬೇಕು, ಒಂದು ಬಿಟ್ಟ ದಡದಲ್ಲಿ, ಇನ್ನೊಂದು ಮುಟ್ಟುವ ದಡದಲ್ಲಿ. 'ನೀರೆಷ್ಟು ಬೀಳತ್ತೆ ಅಂತ ನೋಡಿದ್ವಿ. ಈಗ, ಅಷ್ಟು ನೀರನ್ನ ಹಿಡಿಯೋದು ಹೇಗೆ?' ಪ್ರಶ್ನೆಯ ರೂಪದಲ್ಲಿದ್ದರೆ ಇನ್ನೂ ಒಳ್ಳೆಯದು. ಕೇಳುವವರಿಗಲ್ಲ, ಹೇಳುವವರಿಗೇ ಲಾಭ. ಪ್ರಶ್ನೆ ಬಾಯಿಂದ ಹೊರಬಿದ್ದರೆ ಉತ್ತರ ತಾನಾಗಿ ಬರುತ್ತದೆ: ಪೈಪು, ಮೊದಲ ಕೊಳೆನೀರು ಹೊರಹೋಗುವ ಕವಲು, ಫಿಲ್ಟರ್, ಸಂಪು, ಸಂಪು ತುಂಬಿದರೆ ಇಂಗುಗುಂಡಿ. ನೀರು ಹರಿಯುವ ದಾರಿಯಲ್ಲೇ ಮಾತೂ ಹರಿದರೆ ಬಾಯಿಪಾಠದ ಹಂಗೇ ಬೇಡ.

ತೆರೆಯ ಮೇಲೆ ಚಿತ್ರ ತೋರಿಸುವವರಿಗೆ ಇನ್ನೊಂದು ಗಂಡಾಂತರವಿದೆ. ಗುಂಡಿ ಒತ್ತುತ್ತಾರೆ, ಹೊಸ ಚಿತ್ರ ಬರುತ್ತದೆ, ತಿರುಗಿ ತಾವೇ ಅದನ್ನು ಮೊದಲ ಸಲ ನೋಡುವವರಂತೆ ನೋಡಿ 'ಇಲ್ಲಿ ನೀವು ನೋಡಬಹುದು' ಎಂದು ಓದಲು ಶುರುಮಾಡುತ್ತಾರೆ. ಬೆನ್ನು ಸಭೆಗೆ, ಮಾತು ಗೋಡೆಗೆ. ಮೊದಲು ಜನರ ಮುಖ ನೋಡಿ ದಾಟು ವಾಕ್ಯ ಹೇಳಬೇಕು, ಒಂದು ಉಸಿರು ನಿಲ್ಲಬೇಕು, ಆಮೇಲೆ ಗುಂಡಿ ಒತ್ತಬೇಕು. ನಿಲ್ಲುವುದು ಹೆದರಿದವರಿಗೆ ಯುಗವಾಗಿ ಕಾಣುತ್ತದೆ, ಕೂತವರಿಗೆ ಅದು ಕಾಣುವುದೇ ಇಲ್ಲ. ಮನೆಯಲ್ಲಿ ಅಭ್ಯಾಸ ಮಾಡುವಾಗ ಅವಳು ದಾಟು ವಾಕ್ಯಕ್ಕೊಮ್ಮೆ ಒಂದು ಹೆಜ್ಜೆ ಪಕ್ಕಕ್ಕೆ ಇಡುತ್ತಿದ್ದಳು. ನಮ್ಮಕ್ಕ ಅಡುಗೆಮನೆಯಿಂದ ಇಣುಕಿ 'ಇದೇನೇ, ಭಾಷಣವೋ ಭರತನಾಟ್ಯವೋ' ಎಂದಳು. ಆದರೆ ಆ ಹೆಜ್ಜೆಯಿಂದ ಮಾತಿನ ಓಟ ತಗ್ಗಿದ್ದಂತೂ ನಿಜ.

ಎಡವಟ್ಟಿಗೆಂದೇ ಎರಡು ವಾಕ್ಯ ಜೇಬಿನಲ್ಲಿರಬೇಕು. ತಲೆ ಖಾಲಿಯಾದರೆ: 'ಇಲ್ಲಿವರೆಗೆ ಹೇಳಿದ್ದನ್ನ ಒಂದ್ಸಲ ಸೇರಿಸಿ ಹೇಳ್ತೀನಿ.' ಹಿಂದಿನದು ಯಾವಾಗಲೂ ನೆನಪಿರುತ್ತದೆ, ಅದನ್ನು ಹೇಳುತ್ತಿರುವಾಗ ಮುಂದಿನದು ಸಿಗುತ್ತದೆ. ಹೊತ್ತು ಮೀರಿದರೆ: 'ಇದರ ವಿವರ ಆಮೇಲೆ ಕೇಳಿ, ಈಗ ನೇರ ಖರ್ಚಿಗೆ ಬರ್ತೀನಿ.' ನಡುವೆ ಹಾರಿದ್ದನ್ನು ಬಾಯಿಬಿಟ್ಟು ಹೇಳಿದರೆ ಅದು ಅವಸರವಲ್ಲ, ತೀರ್ಮಾನ. ಅಂಗೈಯಗಲದ ಒಂದು ರಟ್ಟಿನ ಮೇಲೆ ನಾಲ್ಕು ವಾಕ್ಯ ದೊಡ್ಡ ಅಕ್ಷರದಲ್ಲಿ, ಹಿಂಬದಿಗೆ ಈ ಎರಡು, ಜೊತೆಗೆ ಆ 1,500. ಅಷ್ಟೇ ಅವಳ ಕೈಯಲ್ಲಿದ್ದದ್ದು. ತೆಳು ಹಾಳೆಯಾದರೆ ಕೈ ನಡುಗಿದ್ದನ್ನು ಮೈಕಿಗೇ ಕೇಳಿಸುತ್ತದೆ, ರಟ್ಟಿಗೆ ಆ ಚಾಡಿ ಬುದ್ಧಿಯಿಲ್ಲ.

ಆಯಿತು, ಇವನ್ನೆಲ್ಲ ಕೇಳಿ ಐದು ನಿಮಿಷದಲ್ಲಿ ಹದಿನೈದು ಕಡೆ 'ಮುಂದಿನ ವಿಷಯಕ್ಕೆ ಬರೋಣ' ಎನ್ನುವವರೂ ಇದ್ದಾರೆ. ಅದು ಭಾಷಣವಲ್ಲ, ಪರಿವಿಡಿ. ಎರಡು ಕೈಮರದ ನಡುವೆ ನಡೆಯಲು ಒಂದಷ್ಟು ದಾರಿಯಾದರೂ ಇರಬೇಕಷ್ಟೆ. ಕಥೆ ಹೇಳುವಾಗಲಂತೂ ಇವು ಬೇಡವೇ ಬೇಡ. 'ಹೋದ ವರ್ಷ ನಮ್ಮನೆ ಸಂಪು ಬತ್ತಿತ್ತು' ಎಂದು ಶುರುಮಾಡುವವಳು ಅದಕ್ಕೂ ಮೊದಲು 'ಈಗ ಒಂದು ಉದಾಹರಣೆ ನೀಡಬಯಸುತ್ತೇನೆ' ಎಂದು ಅಪ್ಪಣೆ ಕೇಳಬೇಕಿಲ್ಲ.

ಭಾನುವಾರ ಸಭೆ ನಡೆಯಿತು. ಮೊದಲೆರಡು ವಾಕ್ಯಕ್ಕೆ ಧ್ವನಿ ಕೀರಲಾಗಿತ್ತು, ಲೆಕ್ಕಕ್ಕೆ ಬರುವಷ್ಟರಲ್ಲಿ ಸರಿಯಾಯಿತು. ಫಿಲ್ಟರಿನ ಹತ್ತಿರ ಒಮ್ಮೆ ನಿಂತಳು, ರಟ್ಟು ತಿರುಗಿಸಿದಳು, 'ಇಲ್ಲಿವರೆಗೆ ಹೇಳಿದ್ದನ್ನ' ಎಂದಳು. ನನ್ನ ಪಕ್ಕದವರು ಅದನ್ನು ಅವಳ ಶಿಸ್ತೆಂದು ತಿಳಿದು ತಲೆಯಾಡಿಸಿದರು. 'ಕೊನೆಯದಾಗಿ' ಎಂಬುದನ್ನು ಒಂದೇ ಸಲ ಹೇಳಿದಳು, ಹೇಳಿ ಎರಡು ವಾಕ್ಯಕ್ಕೆ ಮುಗಿಸಿದಳು. ಅಧ್ಯಕ್ಷರು ಅಷ್ಟು ಬೇಗ ವಂದನಾರ್ಪಣೆಗೆ ಸಿದ್ಧರಿರಲಿಲ್ಲ, ಅವರ ಕೈಯಲ್ಲಿನ್ನೂ ಕಾಫಿ ಲೋಟವಿತ್ತು.

ಆ ಸಂದಿನಲ್ಲಿ ಮೂರನೇ ಸಾಲಿನ ಹಿರಿಯರೊಬ್ಬರು ಎದ್ದು, 'ಮೂರನೇದು ಖರ್ಚು ಅಂದ್ಯಲ್ಲಮ್ಮ, ಅದರಲ್ಲಿ ಹಳೇ ಮನೆ ಪೈಪು ಬದಲಾಯಿಸೋದೂ ಸೇರಿದೆಯೋ?' ಎಂದು ಕೇಳಿದರು. 'ಇಲ್ಲ ಅಂಕಲ್, ಅದು ಸೇರಿಲ್ಲ. ಪ್ಲಂಬರ್ ಹತ್ರ ವಿಚಾರಿಸಿ ನಾಳೆ ಸಂಜೆಯೊಳಗೆ ಗ್ರೂಪಿಗೆ ಹಾಕ್ತೀನಿ' ಎಂದಳು. ಅವರು ಕೂರದೆ, 'ಹಾಗಾದ್ರೆ ಎರಡನೇದರಲ್ಲಿ ಇನ್ನೊಂದು ಡೌಟು' ಎಂದು ಮುಂದುವರಿಸಿದರು.