ಭಾಗ 7: 73 ನಿಮಿಷ, ಒಂದು ಟಿಕೆಟ್, ಅವ್ವನ ಹಾಲಿನ ಚೀಟಿ

ಹೋದ ಭಾಗದ ಕೆಳಗೆ ತುಂಬಾ ಜನ ಕೇಳಿದ್ರಿ, "ಆನ್-ಕಾಲ್ ಅಂದ್ರೆ ರಾತ್ರಿಯೆಲ್ಲಾ ಎದ್ದಿರ್ತೀಯಾ ಮಗಾ?" ಅಂತ. ಇಲ್ಲ ಕಣ್ರಪ್ಪಾ, ಮಲಗಿರ್ತೀನಿ. ಎಬ್ಬಿಸೋಕೆ ಅಲಾರಂ ಇರುತ್ತೆ. ಅವತ್ತು ಮಾತ್ರ ನನ್ನನ್ನ ಎಬ್ಬಿಸಿದ್ದು ನಮ್ಮವ್ವ.

ಶನಿವಾರ ಬೆಳಗ್ಗೆ, ಕೊಪ್ಪದ ಹತ್ರ ನಮ್ಮೂರ ಮನೆ. ವಾರದ ರಜಕ್ಕೆ ಬಂದಿದ್ದೆ, ಡ್ಯೂಟಿ ಫೋನು ತಲೆದಿಂಬಿನ ಪಕ್ಕ ಸೈಲೆಂಟಲ್ಲಿತ್ತು. ಅವ್ವ ಖಾಲಿ ಕ್ಯಾನು ಹಿಡ್ಕೊಂಡು ಡೈರಿಯಿಂದ ವಾಪಸ್ ಬಂದವಳೇ, "ಏಳ್ಲಾ, ಡೈರಿ ಮಿಷನ್ ಕೆಟ್ಟೋಗದಂತೆ. ಹಾಲು ಅಳ್ಕಂಡ್ರು, ಚೀಟಿನೇ ಕೊಡ್ನಿಲ್ಲ" ಅಂದಳು. ನಾನು ಕೆಲಸ ಮಾಡೋದು ಹಾಲು ಸಂಗ್ರಹದ ಸಾಫ್ಟ್‌ವೇರ್ ಮಾಡೋ ಒಂದು ಸಣ್ಣ ಕಂಪನೀಲಿ. ಆ ಚೀಟಿ ಪ್ರಿಂಟ್ ಮಾಡೋದು ನಮ್ಮದೇ ಸಾಫ್ಟ್‌ವೇರು. ನಿದ್ದೆ ಹಾರಿಹೋಯ್ತು.

ಆಮೇಲೆ ನಾನು ಬರೆದ ಇನ್ಸಿಡೆಂಟ್ ಟಿಕೆಟ್ಟಿನ ಕಥೆ ಇದು. ರಿಪೇರಿ ಆಗಿದ್ದು ಒಂದೇ ಸಾಲಿನ ಕಮಾಂಡಲ್ಲಿ. ಟಿಕೆಟ್ ಸರಿಯಾಗಿ ಬರೆಯೋಕೆ ಮೂರು ದಿನ ಬೇಕಾಯ್ತು.

ಮೊದಲು ಟೈಮ್‌ಲೈನ್. ಸರ್ವರ್ ಲಾಗ್ ಯುಟಿಸಿ ಸಮಯದಲ್ಲಿರುತ್ತೆ, ಅಂದ್ರೆ ನಮಗಿಂತ ಐದೂವರೆ ಗಂಟೆ ಹಿಂದೆ. ಅವಸರದಲ್ಲಿ ನಾನು "00:41ಕ್ಕೆ ಶುರು" ಅಂತ ಬರೆದುಬಿಟ್ಟೆ. ಓದಿದವರೆಲ್ಲಾ ಮಧ್ಯರಾತ್ರಿ ಅಂದ್ಕೊಂಡ್ರು. ಮಧ್ಯರಾತ್ರಿ ಯಾರು ಹಾಲು ಹಾಕ್ತಾರೆ? ಸರಿಯಾಗಿ ಬರೆದರೆ ಅದು ಬೆಳಗ್ಗೆ 6:11, ಕ್ಯೂ ಉದ್ದ ಇರೋ ಹೊತ್ತು. ಅದಕ್ಕೇ ಎಲ್ಲಾ ಭಾರತೀಯ ಸಮಯಕ್ಕೆ ತಿರುಗಿಸಿ ಮತ್ತೆ ಬರೆದೆ:

06:11 – ಸರ್ಟಿಫಿಕೇಟ್ ಅವಧಿ ಮುಗೀತು. ಡೈರಿಗಳಲ್ಲಿ ಲಾಗಿನ್ ನಿಂತುಹೋಯ್ತು.
06:19 – ಸಹಾಯವಾಣಿಗೆ ಮೊದಲ ಕರೆ. ಯಾರೂ ಎತ್ತಲಿಲ್ಲ.
06:31 – ನನಗೆ ಗೊತ್ತಾಯ್ತು. ಹೇಳಿದ್ದು ಗ್ರಾಹಕರು, ಅಲಾರಂ ಅಲ್ಲ.
06:40 – ಊರಿನ ಇಂಟರ್ನೆಟ್ ಸಮಸ್ಯೆ ಅಂತ ಊಹೆ. ತಪ್ಪು ಊಹೆ.
06:58 – ಸರ್ಟಿಫಿಕೇಟ್ ಎರರ್ ಕಣ್ಣಿಗೆ ಬಿತ್ತು.
07:18 – ನಿಜವಾದ ಕಾರಣ ಸಿಕ್ತು.
07:20 – ರಿಪೇರಿ.
07:24 – ಮೊದಲ ಚೀಟಿ ಪ್ರಿಂಟ್ ಆಗಿದ್ದು ಖಚಿತ.

6:58ರಿಂದ 7:18, ಈ ಇಪ್ಪತ್ತು ನಿಮಿಷ ನೋಡಿ. ಎರರ್ ಕಂಡಿದೆ, ಕಾರಣ ಸಿಕ್ಕಿಲ್ಲ. ಯಾಕೆ?

ಫೋನಿಗೂ ಸರ್ವರಿಗೂ ನಡುವಿನ ಮಾತು ಸುರಕ್ಷಿತ ಅಂತ ತೋರಿಸೋ ಗುರುತಿನ ಚೀಟಿಯೇ ಸರ್ಟಿಫಿಕೇಟ್. ನಾವು ಬಳಸ್ತಿದ್ದದ್ದು 90 ದಿನದ್ದು. ಅವಧಿ ಮುಗಿಯೋಕೆ 30 ದಿನ ಇರೋವಾಗಲೇ ಸರ್ಟ್‌ಬಾಟ್ ಅನ್ನೋ ಪ್ರೋಗ್ರಾಂ ತಾನೇ ಹೊಸದು ತಂದಿಡುತ್ತೆ. ನಾನು `certbot certificates` ಕೊಟ್ಟು ನೋಡಿದೆ. ಪರದೆ ಮೇಲೆ `VALID: 59 days` ಅಂತ ಬಂತು. ಇನ್ನೂ ಐವತ್ತೊಂಬತ್ತು ದಿನ ಇದೆಯಲ್ಲಾ! ಸರ್ಟಿಫಿಕೇಟ್ ಸರಿಯಿದೆ ಅಂತ ತೀರ್ಮಾನಿಸಿ, ಡೈರಿ ಕಂಪ್ಯೂಟರಿನ ಗಡಿಯಾರ ತಪ್ಪಿದೆಯಾ ಅಂತ ಹುಡುಕೋಕೆ ಹೋದೆ.

ಸರ್ಟ್‌ಬಾಟ್ ಸುಳ್ಳು ಹೇಳಿರಲಿಲ್ಲ. ಅದು ಹೇಳಿದ್ದು ಡಿಸ್ಕಿನಲ್ಲಿರೋ ಫೈಲಿನ ವಿಷಯ. ಆದ್ರೆ ಡೈರಿಗಳಿಗೆ ಸರ್ಟಿಫಿಕೇಟ್ ತೋರಿಸೋದು ಎಂಜಿನ್‌ಎಕ್ಸ್, ಅದು ಫೈಲನ್ನ ಓದೋದು ಶುರುವಾದಾಗ ಅಥವಾ ರೀಲೋಡ್ ಆದಾಗ ಮಾತ್ರ. ಮಧ್ಯದಲ್ಲಿ ಫೈಲ್ ಬದಲಾದರೂ ಅದಕ್ಕೆ ಗೊತ್ತಾಗಲ್ಲ, ನೆನಪಲ್ಲಿರೋ ಹಳೇದನ್ನೇ ತೋರಿಸ್ತಿರುತ್ತೆ. ಹೊಸ ರೇಷನ್ ಕಾರ್ಡ್ ಬೀರುವಲ್ಲಿದೆ, ಜೇಬಲ್ಲಿ ಹಳೇದು, ಹಂಗೆ. ಹೊರಗಿನವರಿಗೆ ಏನು ಕಾಣ್ತಿದೆ ಅಂತ ಕೇಳೋದು ಹೀಗೆ (HOST ಜಾಗದಲ್ಲಿ ನಿಮ್ಮ ಸರ್ವರ್ ಹೆಸರು):

```
echo | openssl s_client -connect HOST:443 \
  -servername HOST 2>/dev/null |
  openssl x509 -noout -dates
```

`notAfter` ಸಾಲಿನಲ್ಲಿ ಅವತ್ತಿನದೇ ತಾರೀಖು, 00:41 ಇತ್ತು. `systemctl reload nginx` ಕೊಟ್ಟೆ, ಮುಗೀತು. ಅಲಾರಂ ಯಾಕೆ ಹೊಡೀಲಿಲ್ಲ ಅನ್ನೋದಕ್ಕೂ ಇದೇ ಉತ್ತರ. ಅದೂ ಪಾಪ ಫೈಲನ್ನೇ ನೋಡ್ತಿತ್ತು.

ಇಂಥದ್ದು ನಮ್ಮಂಥ ಸಣ್ಣವರಿಗೆ ಮಾತ್ರ ಆಗೋದಲ್ಲ. 2018ರ ಡಿಸೆಂಬರ್ 6ರಂದು ಬ್ರಿಟನ್ನಿನ ಓ2 ಮೊಬೈಲ್ ಕಂಪನಿಯ 3 ಕೋಟಿಗೂ ಹೆಚ್ಚು ಗ್ರಾಹಕರಿಗೆ ಡೇಟಾ ನಿಂತುಹೋಗಿತ್ತು. ಎರಿಕ್ಸನ್ ಸಾಫ್ಟ್‌ವೇರಿನೊಳಗೆ ಅವಧಿ ಮುಗಿದ ಒಂದು ಸರ್ಟಿಫಿಕೇಟ್ ಅದಕ್ಕೆ ಕಾರಣ.

ಈಗ ಮುಜುಗರದ ಭಾಗ. ಎರಡು ತಿಂಗಳ ಹಿಂದೆ ಸರ್ವರ್ ಬದಲಾಯಿಸಿದ್ದು ನಾನೇ. ಹೊಸ ಸರ್ಟಿಫಿಕೇಟ್ ಬಂದಾಗ ರೀಲೋಡ್ ಮಾಡಿಸೋ ಸಣ್ಣ ಸ್ಕ್ರಿಪ್ಟ್ ಹಳೇ ಸರ್ವರಲ್ಲೇ ಉಳಿದುಹೋಗಿತ್ತು. ಟಿಕೆಟ್ಟಿನ ಕಾರಣದ ಜಾಗದಲ್ಲಿ "ಮಾನವ ದೋಷ, ನನ್ನ ತಪ್ಪು" ಅಂತ ಬರೆದೆ. ಧೈರ್ಯವಾಗಿ ಒಪ್ಕೊಂಡೆ ಅಂತ ಒಳಗೊಳಗೇ ಸ್ವಲ್ಪ ಹೆಮ್ಮೆ ಬೇರೆ. ನಮ್ಮ ಟೀಮ್ ಲೀಡ್ ಮೇಡಂ ವಾಪಸ್ ಕಳಿಸಿದ್ರು. "ಇದು ಕಾರಣ ಅಲ್ಲ ಕಣೋ. ಅವತ್ತು ನಿನಗೆ ಎಲ್ಲಾ ಸರಿಯಿದೆ ಅಂತ ಯಾಕನ್ನಿಸ್ತು, ಅದನ್ನ ಬರಿ" ಅಂದ್ರು. ಯೋಚಿಸಿದೆ. ಸರ್ವರ್ ಬದಲಾಯಿಸೋ ಪಟ್ಟಿ ಇತ್ತು, ಅದರಲ್ಲಿದ್ದ ಎಲ್ಲದಕ್ಕೂ ಟಿಕ್ ಹಾಕಿದ್ದೆ. ಆ ಸ್ಕ್ರಿಪ್ಟಿರೋ ಫೋಲ್ಡರ್ ಪಟ್ಟಿಯಲ್ಲೇ ಇರಲಿಲ್ಲ. ನನ್ನ ಜಾಗದಲ್ಲಿ ಯಾರಿದ್ದರೂ ಬಿಟ್ಟುಹೋಗ್ತಿತ್ತು. 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನಲ್ಲಿ ಒಬ್ಬ ಎಂಜಿನಿಯರ್ ತಪ್ಪು ಸರ್ವರಿನ ಡೇಟಾ ಅಳಿಸಿಬಿಟ್ಟಿದ್ದರು. ಕಂಪನಿಯ ವರದಿಯಲ್ಲಿ ಅವರ ಹೆಸರಿಲ್ಲ, ಇರೋದು `team-member-1` ಅಂತ. ವರದಿಯಲ್ಲಿ ಜಾಸ್ತಿ ಜಾಗ ಹೋಗಿದ್ದು ಬ್ಯಾಕಪ್‌ಗಳು ಯಾಕೆ ಕೈಕೊಟ್ಟವು ಅನ್ನೋದಕ್ಕೆ.

ಪರಿಣಾಮದ ಜಾಗದಲ್ಲಿ ನಾನು ಬರೆದಿದ್ದು: "73 ನಿಮಿಷ ಲಾಗಿನ್ ಇಲ್ಲ. ಡೇಟಾ ನಷ್ಟ ಇಲ್ಲ." ಡೇಟಾಬೇಸ್ ಲೆಕ್ಕದಲ್ಲಿ ಇದು ನಿಜ. ಆದರೆ ಸಂಜೆ ಅವ್ವ ಕೇಳಿದಳು, "ನಂದು ಫ್ಯಾಟ್ ಎಷ್ಟು ಬರ್ಕಂಡವ್ರೆ?"

ಹಾಲಿನ ದುಡ್ಡು ಬರೀ ಲೀಟರಿನ ಮೇಲಲ್ಲ, ಫ್ಯಾಟು, ಎಸ್‌ಎನ್‌ಎಫ್ ನೋಡಿ ಕೊಡ್ತಾರೆ. ಡೈರಿಗೆ ಹೋಗಿ ನೋಟ್‌ಬುಕ್ ನೋಡಿದೆ. ಪಾಪ ಸೆಕ್ರೆಟ್ರಿ ಅಣ್ಣ ಗಲಾಟೇಲಿ 23 ಜನರ ಹೆಸರು, ಲೀಟರು ಬರ್ಕೊಂಡಿದ್ರು. ಫ್ಯಾಟ್ ಜಾಗ ಖಾಲಿ. ಅಂದ್ರೆ ಡೇಟಾ ನಷ್ಟ ಆಗಿತ್ತು, ನಮ್ಮ ಸರ್ವರ್ ತನಕ ಬಂದೇ ಇರಲಿಲ್ಲ ಅಷ್ಟೇ. ಆ ಸಾಲನ್ನ ಹೊಡೆದುಹಾಕಿ ಹೊಸದಾಗಿ ಬರೆದೆ. ಬೇರೆ ಡೈರಿಗಳಿಗೂ ಫೋನ್ ಮಾಡಿ ಕೇಳೋದು ಅಂತ ಸೇರಿಸಿದೆ.

ಮುಂದಿನ ಕೆಲಸಗಳಲ್ಲಿ ನನ್ನ ಮೊದಲ ಸಾಲು "ಇನ್ಮೇಲೆ ಎಚ್ಚರ ವಹಿಸುವುದು". ಮೇಡಂ ಅದನ್ನೂ ಹೊಡೆದುಹಾಕಿದ್ರು. ಯಾರು, ಯಾವತ್ತಿಗೆ, ಮುಗಿದಿದೆ ಅಂತ ಹೇಗೆ ಗೊತ್ತಾಗುತ್ತೆ, ಈ ಮೂರಕ್ಕೂ ಅದರಲ್ಲಿ ಉತ್ತರ ಇಲ್ಲವಲ್ಲ. ಉಳಿದದ್ದು ನಾಲ್ಕು. ರೀಲೋಡ್ ಸ್ಕ್ರಿಪ್ಟ್ ವಾಪಸ್ ಹಾಕೋದು: ನಾನು, ಅವತ್ತೇ, ಸುಮ್ಮನೆ ಹಾಕಿದ್ರೆ ಸಾಲದು, ಒಮ್ಮೆ ಬಲವಂತವಾಗಿ ನವೀಕರಿಸಿ ಹೊರಗಿನಿಂದ ನೋಡಬೇಕು. ಅಲಾರಂ ಫೈಲನ್ನ ಬಿಟ್ಟು ಹೊರಗಿನವರಿಗೆ ಕಾಣೋ ಸರ್ಟಿಫಿಕೇಟ್ ನೋಡಬೇಕು, 14 ದಿನ ಮೊದಲೇ ಕೂಗಬೇಕು: ಸಹೋದ್ಯೋಗಿ, ಶುಕ್ರವಾರದೊಳಗೆ. ಸರ್ವರ್ ಬದಲಾವಣೆ ಪಟ್ಟಿ ತಿದ್ದೋದು: ಮೇಡಂ.

ನಾಲ್ಕನೇದು ಆ 23 ಜನರ ಲೆಕ್ಕ. ಹಿಂದಿನ ಹತ್ತು ಬೆಳಗಿನ ಸರಾಸರಿ ಫ್ಯಾಟ್ ಹಾಕೋಣ ಅಂದೆ. ಅವ್ವ ಬಿಡಲಿಲ್ಲ. "ನಮ್ಮೆಮ್ಮೆ ಹಾಲು ಡೈರಿಗೆ ಸುರುವಾಗಿ ಮೂರೇ ದಿಸ. ಅದ್ಕೂ ಮುಂಚೆ ಬರೀ ಹಸೀಂದು. ಹಸೀನ್ ಲೆಕ್ಕ ಹಾಕ್ಬುಟ್ರೆ ನಂಗೇನ್ಲಾ ಸಿಗ್ತದೆ?" ಎಮ್ಮೆ ಹಾಲಲ್ಲಿ ಫ್ಯಾಟ್ ಜಾಸ್ತಿ, ಅವಳ ಮಾತು ನ್ಯಾಯ. ಹತ್ತು ದಿನದ ಸರಾಸರಿ ಹಾಕಿದ್ರೆ ಅವಳಿಗೆ ನಷ್ಟ. ಹಂಗಾಗಿ ಒಬ್ಬೊಬ್ಬರ ಮನೆಗೂ ಹೋಗಿ, ಲೆಕ್ಕ ತೋರಿಸಿ, ಒಪ್ಪಿದ ಮೇಲೆ ಸಹಿ ಹಾಕಿಸ್ತಿದ್ದೀವಿ.

ಮೊದಲ ಮೂರು ಮುಗಿದಿವೆ. ನಾಲ್ಕನೇದು ಇನ್ನೂ ತೆರೆದೇ ಇದೆ, 23ರಲ್ಲಿ 21 ಸಹಿ ಆಗಿದೆ. ಒಬ್ಬರು ಮದ್ದೂರಿಗೆ ಮಗಳ ಮನೆಗೆ ಹೋಗಿದ್ದಾರೆ, ಭಾನುವಾರ ಬರ್ತಾರಂತೆ. ಇನ್ನೊಬ್ಬರು ನಮ್ಮವ್ವ. ಆರನೇ ದಿನದ ಚೀಟಿ ಹುಡುಕ್ತಾ ಕೂತವಳೆ.